60 ಮಕ್ಕಳು, ಒಂದು ಓಜೀವ್: ನಮ್ಮ ಹುಡುಗ ಎಲ್ಲಿದ್ದಾನೆ?

ಪ್ರಿಪರೇಟರಿ ಪರೀಕ್ಷೆ ಮುಗಿದು ಪೋಷಕರ ಸಭೆ ನಡೆಯುತ್ತಿತ್ತು. ಉಡುಪಿ ಕಡೆಯ ಹೈಸ್ಕೂಲು, ನಾನು ಗಣಿತದ ಟೀಚರ್. ಒಬ್ಬ ಹುಡುಗನ ಅಪ್ಪ ಖಾಕಿ ಅಂಗಿಯಲ್ಲೇ ಬಂದಿದ್ದರು. ಮಂಗಳೂರು-ಉಡುಪಿ ಬಸ್ಸಿನ ಕಂಡಕ್ಟರ್, ಒಂದು ಟ್ರಿಪ್ ಬಿಟ್ಟು ಬಂದದ್ದಂತೆ. ಅಂಕಪಟ್ಟಿ ತಿರುಗಿಸಿ ತಿರುಗಿಸಿ ನೋಡಿ, "ಟೀಚರ್, 80ಕ್ಕೆ 55 ಅಂದ್ರೆ ಒಳ್ಳೆದಾ, ಅಲ್ವಾ? ನನಗೆ ಎಂತ ಹೇಳ್ಬೇಕು ಅಂತ ಗೊತ್ತಾಗುದಿಲ್ಲ" ಎಂದರು.

ಪ್ರಶ್ನೆ ಸರಿಯಾದದ್ದೇ. 55 ಎಂಬ ಅಂಕ ತನ್ನಷ್ಟಕ್ಕೆ ಏನೂ ಹೇಳುವುದಿಲ್ಲ. ಪೇಪರ್ ಸುಲಭವಿದ್ದು ಎಲ್ಲರಿಗೂ 60ರ ಮೇಲೆ ಬಂದಿದ್ದರೆ ಅದು ಕಡಿಮೆ, ಪೇಪರ್ ಕಷ್ಟವಿದ್ದರೆ ಜಾಸ್ತಿ. ಹುಡುಗನನ್ನು ಕ್ಲಾಸಿನ ಉಳಿದವರ ನಡುವೆ ನಿಲ್ಲಿಸಿ ನೋಡಬೇಕು. ಅದಕ್ಕೆ ನಮ್ಮ ಹತ್ತನೆಯ ಕ್ಲಾಸಿನ ಗಣಿತದಲ್ಲೇ ಒಂದು ಉಪಾಯ ಇದೆ, ಸಂಚಿತ ಆವೃತ್ತಿ ವಕ್ರರೇಖೆ. ಮಕ್ಕಳ ಬಾಯಲ್ಲಿ ಓಜೀವ್. ಮಕ್ಕಳು ಅದನ್ನು ಪರೀಕ್ಷೆಗಾಗಿ ಚೆಂದ ಎಳೆಯುತ್ತಾರೆ, ಆಮೇಲೆ ಯಾರೂ ಅದನ್ನು ಓದುವುದಿಲ್ಲ. ಈ ಲೇಖನ ಓದುವ ಬಗ್ಗೆ.

ಎರಡು ಸೆಕ್ಷನ್ ಸೇರಿ 60 ಮಕ್ಕಳು. ಯಾರ ಗುರುತೂ ಸಿಗದ ಹಾಗೆ, ಲೆಕ್ಕವೂ ಸುಲಭ ಆಗುವ ಹಾಗೆ ಅಂಕಗಳನ್ನು ಸ್ವಲ್ಪ ಬದಲಿಸಿ ಕೊಡುತ್ತಿದ್ದೇನೆ.

| ಅಂಕ | ಎಷ್ಟು ಮಕ್ಕಳು | ಅಲ್ಲಿವರೆಗೆ ಒಟ್ಟು |
|---|---|---|
| 0-10 | 2 | 2 |
| 10-20 | 6 | 8 |
| 20-30 | 10 | 18 |
| 30-40 | 15 | 33 |
| 40-50 | 12 | 45 |
| 50-60 | 8 | 53 |
| 60-70 | 5 | 58 |
| 70-80 | 2 | 60 |

ಇಲ್ಲಿ 10-20 ಅಂದರೆ 10ರಿಂದ 19ರವರೆಗೆ. ಸರಿಯಾಗಿ 20 ತೆಗೆದವನು ಮುಂದಿನ ಗುಂಪಿಗೆ ಹೋಗುತ್ತಾನೆ. ಮೂರನೇ ಕಾಲಂ ಸುಮ್ನೆ ಕೂಡಿಸುತ್ತಾ ಹೋದದ್ದು: 2, ಅದಕ್ಕೆ 6 ಸೇರಿದರೆ 8, ಅದಕ್ಕೆ 10 ಸೇರಿದರೆ 18. ಪುಸ್ತಕದಲ್ಲಿ ಇದಕ್ಕೇ ಸಂಚಿತ ಆವೃತ್ತಿ ಅನ್ನುತ್ತಾರೆ. (80ಕ್ಕೆ 80 ತೆಗೆದವರು ಈ ಕ್ಲಾಸಲ್ಲಿ ಇರಲಿಲ್ಲ. ಇದ್ದಿದ್ದರೆ ಅವರಿಗಾಗಿ ಹೊಸ ಸಾಲು ಮಾಡದೆ ಕೊನೆಯ ಗುಂಪಿಗೇ ಸೇರಿಸುತ್ತಿದ್ದೆ.)

ಈ ಟೇಬಲ್ ತೋರಿಸಿದಾಗ ಕಂಡಕ್ಟರ್ ಮುಖ ಸಪ್ಪೆಯಾಯಿತು. ಆಗ ನನಗೆ ಅವರ ಕೆಲಸವೇ ನೆನಪಾಯಿತು.

"ನಿಮ್ಮ ಬಸ್ಸು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಂದ ಹೊರಡುವಾಗ 60 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಯಾರೂ ಹತ್ತುವುದಿಲ್ಲ, ಇಳಿಯುವುದು ಮಾತ್ರ. ಕೈ ತೋರಿಸಿದಲ್ಲೆಲ್ಲ ನಿಲ್ಲಿಸುತ್ತೀರಿ. ಸುರತ್ಕಲ್ ಬಂದಾಗ ಎಷ್ಟು ಜನ ಇಳಿದಾಗಿತ್ತು? ಮುಲ್ಕಿ ಬಂದಾಗ ಎಷ್ಟು? ಪಡುಬಿದ್ರಿ ಬಂದಾಗ? ಅದೇ ಈ ಮೂರನೇ ಕಾಲಂ."

"ಅಷ್ಟೇಯಾ?" ಎಂದರು. "ಅದು ನಾನು ದಿನಾ ಮಾಡುವ ಲೆಕ್ಕ."

ಅಂಕ ಅಂದರೆ ದಾರಿ. ಮಗು ಅಂದರೆ ಪ್ರಯಾಣಿಕ, ತನ್ನ ಅಂಕ ಬಂದಲ್ಲಿ ಇಳಿಯುತ್ತದೆ. ಕಡಿಮೆ ಅಂಕದವರು ಬೇಗ ಇಳಿದರು, 78 ತೆಗೆದ ಹುಡುಗಿ ಉಡುಪಿಯ ತನಕ ಕೂತಳು. ಗ್ರಾಫಿನಲ್ಲಿ ಅಡ್ಡಕ್ಕೆ ಇರುವ ಎಕ್ಸ್ ಅಕ್ಷ ಬಸ್ಸಿನ ದಾರಿ, ನೆಟ್ಟಗಿರುವ ವೈ ಅಕ್ಷ ಈವರೆಗೆ ಇಳಿದವರ ಲೆಕ್ಕ.

ಈಗ ಗ್ರಾಫ್ ಶೀಟ್. ಅಡ್ಡಕ್ಕೆ 2 ಸೆಂಟಿಮೀಟರಿಗೆ 10 ಅಂಕ, ನೆಟ್ಟಗೆ 1 ಸೆಂಟಿಮೀಟರಿಗೆ 5 ಮಕ್ಕಳು. ಹಾಗೆ ಹಾಕಿದರೆ 16 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ ಆಗುತ್ತದೆ, ಶೀಟನ್ನು ಸರಿಯಾಗಿ ತುಂಬುತ್ತದೆ. ಕೆಲವು ಮಕ್ಕಳು ಮೂಲೆಯಲ್ಲಿ ಅಂಚೆಚೀಟಿಯಷ್ಟು ಸಣ್ಣ ಗ್ರಾಫ್ ಎಳೆದು ಅದರಿಂದ ಮಧ್ಯಾಂಕ ಓದಲು ಹೋಗುತ್ತಾರೆ. ನನ್ನ ಅಳತೆಯಲ್ಲಿ ಒಂದು ಮಿಲಿಮೀಟರ್ ಅಂದರೆ ಅರ್ಧ ಅಂಕ. ಅಂಚೆಚೀಟಿಯಲ್ಲಿ ಒಂದು ಮಿಲಿಮೀಟರ್ ಅಂದರೆ ಮೂರೋ ನಾಲ್ಕೋ ಅಂಕ. ಪೆನ್ಸಿಲ್ ಮೊಂಡಾಗಿದ್ದರೆ ಉತ್ತರವೇ ಬದಲಾಗುತ್ತದೆ.

ಚುಕ್ಕಿ ಎಲ್ಲಿ ಇಡಬೇಕು? ಜಾಸ್ತಿ ಮಕ್ಕಳು ತಪ್ಪುವುದು ಇಲ್ಲೇ. 30-40ರ ಗುಂಪಿನವರೆಗೆ ಒಟ್ಟು 33. ಈ 33ನ್ನು 30ರ ಮೇಲೆ ಇಡಬೇಕಾ, ನಡುವಿನ 35ರ ಮೇಲಾ, 40ರ ಮೇಲಾ? ಪುಸ್ತಕ ಹೇಳುವುದು 40ರ ಮೇಲೆ, ಅಂದರೆ ವರ್ಗಾಂತರದ ಮೇಲಿನ ಮಿತಿಯ ಮೇಲೆ. ಯಾಕೆ ಎಂದು ಕೇಳಿದರೆ ಮಕ್ಕಳು "ಪುಸ್ತಕದಲ್ಲಿ ಹಾಗೆ ಉಂಟು ಟೀಚರ್" ಅನ್ನುತ್ತಾರೆ. ಕಂಡಕ್ಟರನ್ನು ಕೇಳಿ ನೋಡಿ. ಮುಲ್ಕಿಯಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ಅಲ್ಲಲ್ಲಿ ಕೆಲವರು ಇಳಿದರು. ಇಳಿದವರ ಒಟ್ಟು ಲೆಕ್ಕ ಪಕ್ಕಾ ಆಗುವುದು ಎಲ್ಲಿ? ಪಡುಬಿದ್ರಿಯಲ್ಲಿ. ಮುಲ್ಕಿಯಲ್ಲೇ ಆ ಲೆಕ್ಕ ಬರೆದರೆ ಇನ್ನೂ ಬಸ್ಸಿನಲ್ಲಿ ಕೂತವರನ್ನು ಇಳಿಸಿಬಿಟ್ಟ ಹಾಗಾಯಿತು. ಹಾಗೇ "40ಕ್ಕಿಂತ ಕಡಿಮೆ ತೆಗೆದವರು 33" ಎಂಬ ಮಾತು ನಿಜವಾಗುವುದು 40ರಲ್ಲಿ. 35ಕ್ಕಿಂತ ಕಡಿಮೆ ತೆಗೆದವರು 33 ಜನ ಇಲ್ಲ.

ಹಾಗಾಗಿ ನಮ್ಮ ಚುಕ್ಕಿಗಳು 10ರ ಮೇಲೆ 2, 20ರ ಮೇಲೆ 8, 30ರ ಮೇಲೆ 18, 40ರ ಮೇಲೆ 33, ಹೀಗೆ ಹೋಗಿ 80ರ ಮೇಲೆ 60. ಶುರುವಿನಲ್ಲಿ 0ಯ ಮೇಲೆ 0 ಇಡಲು ಮರೆಯಬೇಡಿ, ಬಸ್ಸು ಹೊರಡುವಾಗ ಯಾರೂ ಇಳಿದಿರುವುದಿಲ್ಲ. ಚುಕ್ಕಿಗಳನ್ನು ಜೋಡಿಸಿದರೆ ಮೊದಲು ಮೆಲ್ಲಗೆ ಏರಿ, ನಡುವೆ ಕಡಿದಾಗಿ ಹತ್ತಿ, ಕೊನೆಗೆ ಮತ್ತೆ ಚಪ್ಪಟೆಯಾಗುವ ಗೆರೆ ಸಿಗುತ್ತದೆ. ಇದು ಎಲ್ಲಿಯೂ ಕೆಳಗೆ ಇಳಿಯಬಾರದು. ಇಳಿದವರು ವಾಪಸ್ ಹತ್ತುವುದಿಲ್ಲವಲ್ಲ. ಗೆರೆ ಎಲ್ಲಾದರೂ ಬಾಗಿ ಕೆಳಗೆ ಬಂದರೆ ಕೂಡಿಸುವಾಗ ತಪ್ಪಿದೆ, ಇಲ್ಲವೇ ಕೈಬರಹದ ಗೆರೆಯನ್ನು ಅತಿಯಾಗಿ ಚೆಂದ ಮಾಡಲು ಹೋಗಿದ್ದೀರಿ.

ಈಗ ಮಧ್ಯಾಂಕ. ಅರ್ಧ ಜನ ಇಳಿದಾಗ ಬಸ್ಸು ಎಲ್ಲಿತ್ತು, ಅಷ್ಟೇ ಪ್ರಶ್ನೆ. 60ರ ಅರ್ಧ 30. ವೈ ಅಕ್ಷದಲ್ಲಿ 30ಕ್ಕೆ, ಅಂದರೆ ಕೆಳಗಿನಿಂದ 6 ಸೆಂಟಿಮೀಟರ್ ಎತ್ತರಕ್ಕೆ ಹೋಗಿ. ಅಲ್ಲಿಂದ ಸ್ಕೇಲ್ ಇಟ್ಟು ಬಲಕ್ಕೆ ಗೆರೆ ಎಳೆಯಿರಿ. ವಕ್ರರೇಖೆ ಸಿಕ್ಕಿದಲ್ಲಿ ನಿಂತು ನೇರ ಕೆಳಗೆ ಇಳಿಯಿರಿ. ಎಕ್ಸ್ ಅಕ್ಷದಲ್ಲಿ 7.6 ಸೆಂಟಿಮೀಟರ್ ಹತ್ತಿರ ಬರುತ್ತೀರಿ, ಅಂದರೆ 38 ಅಂಕ. ಮಧ್ಯಾಂಕ 38.

ಕೈಲೆಕ್ಕದಲ್ಲಿ ಪರೀಕ್ಷಿಸಿದರೂ ಅದೇ ಬರುತ್ತದೆ. 30ನೆಯ ಮಗು 30-40ರ ಗುಂಪಿನಲ್ಲಿದೆ. ಆ ಗುಂಪಿಗೆ ಬರುವ ಮೊದಲೇ 18 ಜನ ಇಳಿದಾಗಿತ್ತು, ಇನ್ನು 12 ಜನ ಬೇಕು. ಈ ಗುಂಪಿನಲ್ಲಿ 15 ಜನ 10 ಅಂಕಗಳ ದಾರಿಯಲ್ಲಿ ಹರಡಿದ್ದಾರೆ.

```
30 + (30 - 18) / 15 × 10 = 38
```

ಪುಸ್ತಕದ ಮಧ್ಯಾಂಕದ ಸೂತ್ರ ಇದೇ. ಗ್ರಾಫ್ ಮತ್ತು ಸೂತ್ರ ಎರಡು ಬೇರೆ ಪಾಠ ಅಂತ ಮಕ್ಕಳು ತಿಳಿದಿರುತ್ತಾರೆ. ಸೂತ್ರ ಮಾಡುವುದು ಆ ಎರಡು ಚುಕ್ಕಿಗಳ ನಡುವೆ ನೇರ ಗೆರೆ ಎಳೆದು ಅದರ ಮೇಲೆ 30ನ್ನು ಹುಡುಕುವ ಕೆಲಸವನ್ನೇ. ನೀವು ಕೈಯಲ್ಲಿ ನಯವಾದ ವಕ್ರರೇಖೆ ಎಳೆದರೆ ಉತ್ತರ 37.5 ಅಥವಾ 38.5 ಬಂದೀತು, ಅದಕ್ಕೆ ಹೆದರಬೇಕಿಲ್ಲ.

ಇಲ್ಲಿ ಒಂದು ಸಂಶಯ ಪ್ರತಿ ವರ್ಷ ಬರುತ್ತದೆ. ಅಂಕಗಳನ್ನು ಸಾಲಾಗಿ ಬರೆದು ಮಧ್ಯಾಂಕ ತೆಗೆಯುವಾಗ 60 ಮಕ್ಕಳಿದ್ದರೆ 30 ಮತ್ತು 31ನೆಯವರ ಸರಾಸರಿ ಹಿಡಿಯುತ್ತೇವೆ, ಹಾಗಾದರೆ ಗ್ರಾಫಿನಲ್ಲಿ 30.5ಕ್ಕೆ ಹೋಗಬೇಡವಾ? ಬೇಡ. ಗ್ರಾಫಿನಲ್ಲಿ ಒಬ್ಬೊಬ್ಬರನ್ನು ಎಣಿಸುತ್ತಿಲ್ಲ, ಒಟ್ಟು ಎತ್ತರವನ್ನು ಎರಡು ಸಮಪಾಲು ಮಾಡುತ್ತಿದ್ದೇವೆ. 30.5 ಹಿಡಿದರೆ ಉತ್ತರ ಸುಮಾರು 0.3 ಅಂಕ ಮುಂದೆ ಹೋಗುತ್ತದೆ. ಈ ಗ್ರಾಫಿನಲ್ಲಿ ಅದು ಒಂದು ಮಿಲಿಮೀಟರೂ ಅಲ್ಲ.

ಚುಕ್ಕಿಗಳನ್ನು ತಪ್ಪು ಜಾಗದಲ್ಲಿ ಇಟ್ಟರೆ ಮಾತ್ರ ದೊಡ್ಡ ಏಟು. ನಡುವಿನ ಅಂಕಗಳ ಮೇಲೆ, ಅಂದರೆ 5, 15, 25ರ ಮೇಲೆ ಇಟ್ಟಿರಿ ಅಂದುಕೊಳ್ಳಿ. ಇಡೀ ಗೆರೆ 5 ಅಂಕ ಎಡಕ್ಕೆ ಸರಿಯುತ್ತದೆ, ಮಧ್ಯಾಂಕ 33 ಆಗುತ್ತದೆ. ಗೆರೆಯ ಆಕಾರ ಅದೇ ಇರುವುದರಿಂದ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಹಿಡಿಯುವುದು ಹೇಗೆಂದರೆ ಎರಡು ತುದಿಗಳನ್ನು ನೋಡಬೇಕು. ತಪ್ಪಿದ ಗೆರೆ 75ರಲ್ಲೇ 60ಕ್ಕೆ ಮುಟ್ಟುತ್ತದೆ, ಅಂದರೆ 75ರ ಮೇಲೆ ಯಾರೂ ಇಲ್ಲ ಅನ್ನುತ್ತದೆ. ನಮ್ಮ 78ರ ಹುಡುಗಿ ಎಲ್ಲಿ ಹೋದಳು? ಕೆಳಗಿನ ಮಿತಿಯ ಮೇಲೆ ಚುಕ್ಕಿ ಇಟ್ಟವರ ಗೆರೆ ಇನ್ನೂ ಮಜಾ. 0 ಅಂಕದ ಮೇಲೆಯೇ 2 ಜನ ಇರುತ್ತಾರೆ, ಅಂದರೆ ಇಬ್ಬರು ಸೊನ್ನೆಗಿಂತ ಕಡಿಮೆ ತೆಗೆದಿದ್ದಾರೆ! ನಾನು ಎಷ್ಟೇ ಕಟ್ಟುನಿಟ್ಟಾಗಿ ಪೇಪರ್ ನೋಡಿದರೂ ಅಷ್ಟು ಕಡಿಮೆ ಕೊಟ್ಟದ್ದಿಲ್ಲ.

ಇನ್ನು ಪರ್ಸೆಂಟೈಲ್. ಈ ಪದ ಕೇಳಿದ ಕೂಡಲೇ ಕಂಡಕ್ಟರ್ ಕಿವಿ ನೆಟ್ಟಗಾಯಿತು. "ಟೀಚರ್, ನಮ್ಮ ಅಕ್ಕನ ಮಗ ಮಂಗಳೂರಲ್ಲಿ ಪಿಯುಸಿ ಓದುದು, ಜೆಇಇಯಲ್ಲಿ 92 ಪರ್ಸೆಂಟೈಲ್ ಅಂತೆ. 100ಕ್ಕೆ 92 ಅಲ್ವಾ ಅದು?" ಅಲ್ಲ. ಪರ್ಸೆಂಟ್ ಹೇಳುವುದು ಪೇಪರಿನಲ್ಲಿ ಎಷ್ಟು ಭಾಗ ಸರಿ ಬರೆದ ಅಂತ. ಪರ್ಸೆಂಟೈಲ್ ಹೇಳುವುದು 100 ಜನರಲ್ಲಿ ಎಷ್ಟು ಜನ ಅವನ ಹಿಂದೆ ಇದ್ದಾರೆ ಅಂತ. ಅವನಿಗಿಂತ ಮೊದಲೇ ಬಸ್ಸಿನಿಂದ ಎಷ್ಟು ಜನ ಇಳಿದರು, ಅಷ್ಟೇ.

ಗ್ರಾಫಿನಲ್ಲಿ ಇದನ್ನು ಓದಲು ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ. ಬಲಗಡೆ ಇನ್ನೊಂದು ನೆಟ್ಟಗಿನ ಗೆರೆ ಎಳೆದು, ಅದರಲ್ಲಿ 60 ಮಕ್ಕಳ ಎತ್ತರಕ್ಕೆ 100 ಎಂದು ಬರೆಯುತ್ತೇನೆ. ಎತ್ತರ 12 ಸೆಂಟಿಮೀಟರ್, ಹಾಗಾಗಿ ಪ್ರತಿ 1.2 ಸೆಂಟಿಮೀಟರಿಗೆ 10. ಈಗ ಎಡಗಡೆ ಮಕ್ಕಳ ಲೆಕ್ಕ, ಬಲಗಡೆ ಶೇಕಡಾ ಲೆಕ್ಕ. ಇದನ್ನು ಮಾಡದಿದ್ದರೆ ಏನಾಗುತ್ತದೆ ಗೊತ್ತಾ? 25ನೆಯ ಪರ್ಸೆಂಟೈಲ್ ಹುಡುಕು ಅಂದರೆ ಮಕ್ಕಳು ಎಡಗಡೆಯ 25ಕ್ಕೆ ಹೋಗುತ್ತಾರೆ. ಅದು 25 ಮಕ್ಕಳು, ಶೇಕಡಾ 25 ಅಲ್ಲ. 60ರಲ್ಲಿ ಶೇಕಡಾ 25 ಅಂದರೆ 15 ಮಕ್ಕಳು. 15ರಿಂದ ಅಡ್ಡ ಹೋಗಿ ಇಳಿದರೆ 27 ಅಂಕ ಸಿಗುತ್ತದೆ, ತಪ್ಪಾಗಿ 25ರಿಂದ ಹೋದರೆ 34.7. ಎರಡೂ ನಂಬುವ ಹಾಗೇ ಇವೆ, ಅದಕ್ಕೇ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. 90ನೆಯ ಪರ್ಸೆಂಟೈಲ್ ಕೇಳಿದಾಗ ಮಾತ್ರ ಸಿಕ್ಕಿಬೀಳುತ್ತಾರೆ, ಎಡಗಡೆ 90 ಎಂಬುದೇ ಇಲ್ಲವಲ್ಲ!

90ಕ್ಕೆ 54 ಮಕ್ಕಳು, ಗೆರೆ ಸಿಗುವುದು 62 ಅಂಕದಲ್ಲಿ. 75ಕ್ಕೆ 45 ಮಕ್ಕಳು, ಸರಿಯಾಗಿ 50 ಅಂಕ. ಅಂದರೆ ಕ್ಲಾಸಿನ ನಡುವಿನ ಅರ್ಧ ಮಕ್ಕಳು 27ರಿಂದ 50ರ ಒಳಗೆ ಇದ್ದಾರೆ. ಬೇರೆ ಸೆಕ್ಷನ್ನಿನಲ್ಲಿ 38 ಮಕ್ಕಳಿದ್ದರೂ ಪರವಾಗಿಲ್ಲ, ಬಲಗಡೆಯ 100ರ ಅಳತೆಯಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬಹುದು.

ಕಂಡಕ್ಟರ್ ಪ್ರಶ್ನೆಗೆ ಇದೇ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ಈಗ ಗೊತ್ತಿರುವುದು ಅಂಕ, ಬೇಕಾದದ್ದು ಜಾಗ. ಕೆಳಗೆ 55ರಿಂದ ನೇರ ಮೇಲೆ ಹೋಗಿ, ಗೆರೆ ಮುಟ್ಟಿದಲ್ಲಿ ನಿಂತು, ಎಡಕ್ಕೆ ಹೋದರೆ 49 ಮಕ್ಕಳು, ಬಲಕ್ಕೆ ಹೋದರೆ ಸುಮಾರು 82. ಅವರ ಹುಡುಗ ಪೇಪರಿನಲ್ಲಿ ತೆಗೆದದ್ದು ಶೇಕಡಾ 69ಕ್ಕೆ ಸ್ವಲ್ಪ ಕಡಿಮೆ, ಆದರೆ ಈ ಕ್ಲಾಸಿನಲ್ಲಿ 82ನೆಯ ಪರ್ಸೆಂಟೈಲ್. ಪೇಪರ್ ಕಷ್ಟವಿತ್ತು, ಹುಡುಗ ಚೆನ್ನಾಗಿಯೇ ಮಾಡಿದ್ದಾನೆ.

"ಹಾಗಾದ್ರೆ ಅವ ಬಸ್ಸಿನಲ್ಲಿ ಕಟಪಾಡಿ ದಾಟಿದ" ಎಂದರು ಅಪ್ಪ. ದೂರದ ಲೆಕ್ಕದಲ್ಲಿ ಅದು ಸರಿಯೋ ಇಲ್ಲವೋ ನಾನು ಅಳೆಯಲು ಹೋಗಲಿಲ್ಲ.

ಈ 82 ಎಷ್ಟು ಪಕ್ಕಾ? ನನ್ನ ಬಳಿ ಪೂರ್ತಿ ಪಟ್ಟಿ ಇತ್ತು, ಹಾಗಾಗಿ ನೋಡಿದೆ. 55ಕ್ಕಿಂತ ಕಡಿಮೆ ತೆಗೆದವರು 48 ಮಕ್ಕಳು. 55 ತೆಗೆದವರು ಇಬ್ಬರು, ಇವನೂ ಸೇರಿ. ತನಗಿಂತ ಹಿಂದಿನವರನ್ನು ಮಾತ್ರ ಎಣಿಸಿದರೆ 80, ಸಮ ಬಂದವರನ್ನೂ ಸೇರಿಸಿದರೆ 83. ಗ್ರಾಫಿನ 82 ಇವೆರಡರ ನಡುವೆ ಕೂತಿದೆ. ಯಾವುದನ್ನು ಎಣಿಸಬೇಕು ಎಂಬುದು ಆಯಾ ಪರೀಕ್ಷೆಯವರ ನಿಯಮ. ಜೆಇಇ ಮೇನ್‌ನಲ್ಲಿ 2019ರಿಂದ ಪರ್ಸೆಂಟೈಲ್ ಕೊಡುತ್ತಿದ್ದಾರೆ, ಅಲ್ಲಿ ಸಮ ಬಂದವರನ್ನೂ ಸೇರಿಸಿ ಎಣಿಸುತ್ತಾರೆ, ಅದಕ್ಕೇ ಮೊದಲು ಬಂದವನಿಗೆ ಪೂರ್ತಿ 100 ಸಿಗುತ್ತದೆ. ನಮ್ಮ 78ರ ಹುಡುಗಿಗೆ ಹಿಂದಿನವರನ್ನು ಮಾತ್ರ ಎಣಿಸುವ ಲೆಕ್ಕದಲ್ಲಿ 98.3 ಅಷ್ಟೇ. ಲಕ್ಷಗಟ್ಟಲೆ ಜನರಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. 60 ಜನರಲ್ಲಿ ಒಬ್ಬೊಬ್ಬ ಮಗುವೂ 1.7 ಪರ್ಸೆಂಟೈಲ್, ಹಾಗಾಗಿ ನಮ್ಮಂಥ ಕ್ಲಾಸಿಗೆ "81.67" ಎಂದು ಬರೆಯುವುದು ಸುಮ್ನೆ ಜಂಭ.

ಗೆರೆ ಕಡಿದಾಗಿರುವ ಜಾಗ ಮತ್ತು ಚಪ್ಪಟೆ ಜಾಗ ಒಂದೇ ಅಲ್ಲ, ಇದನ್ನು ಅಪ್ಪ ಅಮ್ಮಂದಿರಿಗೆ ಹೇಳಲೇಬೇಕು. 32 ತೆಗೆಯುತ್ತಿದ್ದ ಮಗು ಇನ್ನು 6 ಅಂಕ ಜಾಸ್ತಿ ತೆಗೆದು 38ಕ್ಕೆ ಬಂದರೆ 35ನೆಯ ಪರ್ಸೆಂಟೈಲಿನಿಂದ 50ಕ್ಕೆ ಜಿಗಿಯುತ್ತದೆ. 72ರ ಮಗು ಅದೇ 6 ಅಂಕ ತೆಗೆದು 78ಕ್ಕೆ ಹೋದರೆ 97ರಿಂದ 99, ಅಷ್ಟೇ. ಮೊದಲ ಕಡೆ ಗೆರೆ ಗುಡ್ಡ ಹತ್ತುತ್ತಿದೆ, ಒಂದೊಂದು ಅಂಕದ ದಾರಿಯಲ್ಲಿ ಒಂದೂವರೆ ಮಗು ಇಳಿಯುತ್ತಿದೆ. ಕೊನೆಯಲ್ಲಿ ಹತ್ತು ಅಂಕದ ದಾರಿಗೆ ಇಬ್ಬರೇ. ಹಾಗಾಗಿ ನಡುವಿನ ಮಗುವಿನ ಪರ್ಸೆಂಟೈಲ್ ಒಂದು ಪ್ರಶ್ನೆ ಸರಿಯಾದರೂ ತಪ್ಪಾದರೂ ಬುಳಕ್ ಎಂದು ಏರಿಳಿಯುತ್ತದೆ. ಅದನ್ನು ನೋಡಿ ಮನೆಯಲ್ಲಿ ರಂಪ ಮಾಡಬೇಡಿ.

ಚಪ್ಪಟೆ ಜಾಗದಲ್ಲಿ ಉಲ್ಟಾ ತೊಂದರೆ. ಅಲ್ಲಿ ಪರ್ಸೆಂಟೈಲಿನಿಂದ ಅಂಕ ಓದಲು ಹೋದರೆ ಅಡ್ಡಗೆರೆ ಮತ್ತು ವಕ್ರರೇಖೆ ಒಂದಕ್ಕೊಂದು ತಾಗಿಕೊಂಡ ಹಾಗೆ ಹೋಗುತ್ತವೆ, ಎಲ್ಲಿ ಸೇರಿದವು ಎಂದು ಸರಿಯಾಗಿ ಹೇಳಲಾಗುವುದಿಲ್ಲ. 97ನೆಯ ಪರ್ಸೆಂಟೈಲಿಗೆ 71 ಅಂಕ, 99ಕ್ಕೆ 77 ಅಂಕ ಎಂದು ನನ್ನ ಗ್ರಾಫ್ ಹೇಳುತ್ತದೆ. ಅದನ್ನು ಹೇಳುತ್ತಿರುವುದು ಕೊನೆಯ ಗುಂಪಿನ ಇಬ್ಬರು ಮಕ್ಕಳು ಮಾತ್ರ. ಅವರಲ್ಲೊಬ್ಬಳಿಗೆ ಆ ದಿನ ಜ್ವರ ಬಂದಿದ್ದರೆ ಉತ್ತರ ಬೇರೆ. 60 ಮಕ್ಕಳ ಕ್ಲಾಸಿನಲ್ಲಿ ನಾನು 10 ಮತ್ತು 90ರ ಆಚೆ ಓದುವುದಿಲ್ಲ.

ಇನ್ನೊಂದು ಚಿಕ್ಕ ಪರೀಕ್ಷೆ ಇದೆ. ಇದೇ ಅಂಕಗಳಿಗೆ ಅಧಿಕ ವಿಧಾನದ ಓಜೀವ್ ಕೂಡ ಎಳೆಯಬಹುದು, ಅಂದರೆ ಬಸ್ಸಿನಲ್ಲಿ ಇನ್ನೂ ಎಷ್ಟು ಜನ ಉಳಿದಿದ್ದಾರೆ ಎಂಬ ಲೆಕ್ಕ. 0ಯಲ್ಲಿ 60, 10ರಲ್ಲಿ 58, 20ರಲ್ಲಿ 52, ಹೀಗೆ ಇಳಿಯುತ್ತದೆ. ಇಲ್ಲಿ ಚುಕ್ಕಿ ಕೆಳಗಿನ ಮಿತಿಯ ಮೇಲೆ. ಇಳಿದವರು ಮತ್ತು ಉಳಿದವರು ಸಮ ಆಗುವ ಜಾಗ ಒಂದೇ, 30-30. ಹಾಗಾಗಿ ಎರಡು ಗೆರೆಗಳು ಒಂದನ್ನೊಂದು ದಾಟುವುದು ಮಧ್ಯಾಂಕದಲ್ಲೇ. ದಾಟುವ ಎತ್ತರ 30 ಆಗದೆ 27ಕ್ಕೋ 33ಕ್ಕೋ ಬಂದರೆ ಯಾವುದೋ ಒಂದರ ಚುಕ್ಕಿಗಳು ಸರಿದಿವೆ.

ಇಷ್ಟೆಲ್ಲ ಆದ ಮೇಲೂ ಈ ಗೆರೆ ನನಗೆ ಒಂದು ಸಲ ಚೆನ್ನಾಗಿ ಮೋಸ ಮಾಡಿತು. ಅಥವಾ ನಾನೇ ಅದಕ್ಕೆ ಮೋಸ ಮಾಡಿದ್ದೆ ಅನ್ನಬೇಕು.

ಎಷ್ಟು ಮಕ್ಕಳು ಫೇಲ್ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದರು. ಪಾಸಿಗೆ ನಾವು ಹಿಡಿದದ್ದು ಶೇಕಡಾ 35, ಅಂದರೆ 80ಕ್ಕೆ 28. ಗ್ರಾಫ್ ಕೈಯಲ್ಲೇ ಇತ್ತು. 28ರಿಂದ ಮೇಲೆ ಹೋಗಿ ಎಡಕ್ಕೆ ಓದಿದೆ: 16. "ಹದಿನಾರು ಸರ್" ಎಂದೆ. ಆಮೇಲೆ ಕೂತು ಪಟ್ಟಿಯಲ್ಲಿ ಎಣಿಸಿದರೆ ಫೇಲ್ ಆದವರು 12 ಮಾತ್ರ. ನಾಲ್ಕು ಮಕ್ಕಳ ವ್ಯತ್ಯಾಸ! ಗ್ರಾಫ್ ಸರಿ ಇತ್ತು, ಕೂಡಿಸಿದ್ದು ಸರಿ ಇತ್ತು, ಓದಿದ್ದೂ ಸರಿ.

20-30ರ ಗುಂಪಿನ ಆ 10 ಮಕ್ಕಳ ಅಂಕ ನೋಡಿ: 21, 22, 23, 25, 28, 28, 28, 28, 29, 29. 26 ಇಲ್ಲ, 27 ಇಲ್ಲ. ಯಾಕೆ ಅಂತ ಪೇಪರ್ ತಿದ್ದಿದ ಯಾರಿಗಾದರೂ ಗೊತ್ತು. 26 ಬಂದ ಪೇಪರನ್ನು ಕೆಳಗಿಡಲು ಕೈ ಬರುವುದಿಲ್ಲ. ಮತ್ತೊಮ್ಮೆ ಪುಟ ತಿರುಗಿಸಿ, ಸೂತ್ರ ಬರೆದದ್ದಕ್ಕೆ ಅರ್ಧ, ಚಿತ್ರ ಬರೆದದ್ದಕ್ಕೆ ಒಂದು, ಹೀಗೆ ಹುಡುಕಿ 28 ಮಾಡುತ್ತೇವೆ. ನಾನೂ ಮಾಡಿದ್ದೇನೆ.

ಓಜೀವಿಗೆ ಇದು ಗೊತ್ತಿಲ್ಲ. ಎರಡು ಚುಕ್ಕಿಗಳ ನಡುವಿನ ಗೆರೆ, ಮಕ್ಕಳು ಆ ದಾರಿಯಲ್ಲಿ ಒಂದೇ ಸಮ ಇಳಿಯುತ್ತಾ ಹೋದರು ಎಂದು ನಂಬಿ ಎಳೆದದ್ದು. 20ರಿಂದ 30ಕ್ಕೆ 10 ಜನ, ಹಾಗಾದರೆ 28ರ ಹೊತ್ತಿಗೆ 8 ಜನ, ಮೊದಲಿನ 8 ಸೇರಿ 16. ಕಂಡಕ್ಟರಿಗೆ ಕೇಳಿದರೆ ನಗುತ್ತಾರೆ. ಎರಡು ಸ್ಟಾಪಿನ ನಡುವೆ ಒಂದು ಕಾಲೇಜು ಗೇಟು ಇದ್ದರೆ ಎಲ್ಲರೂ ಅಲ್ಲೇ ದಬದಬ ಇಳಿಯುತ್ತಾರೆ, ಸಮನಾಗಿ ಹಂಚಿ ಇಳಿಯುವುದಿಲ್ಲ. ನಮ್ಮ ಕಾಲೇಜು ಗೇಟು 28.

ಗಮನಿಸಬೇಕಾದ ವಿಷಯ ಏನೆಂದರೆ ಅದೇ ಗೆರೆಯಿಂದ ಓದಿದ 25ನೆಯ ಪರ್ಸೆಂಟೈಲ್ ಅಷ್ಟೇನೂ ತಪ್ಪಿರಲಿಲ್ಲ. ಗ್ರಾಫ್ 27 ಅಂದಿತ್ತು, ಪಟ್ಟಿಯಲ್ಲಿ 15ನೆಯ ಮಗುವಿಗೆ 28. ಒಂದೇ ಅಂಕ ವ್ಯತ್ಯಾಸ. ಮಧ್ಯಾಂಕವೂ ಹಾಗೇ: ಪಟ್ಟಿಯಲ್ಲಿ 30ನೆಯವರಿಗೆ 37, 31ನೆಯವರಿಗೆ 38, ಅಂದರೆ 37.5, ಗ್ರಾಫಿನಲ್ಲಿ 38. ಒಂದೇ ಅಂಕದ ಮೇಲೆ ಮಕ್ಕಳು ಗುಂಪು ಕಟ್ಟಿದಾಗ ನಿಜವಾದ ಗೆರೆ ಅಲ್ಲಿ ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ. ಗೋಡೆಯನ್ನು ಅಡ್ಡದಿಂದ ಮುಟ್ಟಿದರೆ ಎಲ್ಲಿ ಮುಟ್ಟಿದರೂ ಅಂಕ ಹೆಚ್ಚುಕಡಿಮೆ ಅದೇ. ಕೆಳಗಿನಿಂದ ಮೇಲೆ ಹೋದರೆ ಮಾತ್ರ ಗೋಡೆಯ ಬುಡ ಯಾವುದು, ತಲೆ ಯಾವುದು ಎಂದು ಗೊತ್ತಾಗದೆ ಮಕ್ಕಳ ಲೆಕ್ಕ ತಪ್ಪುತ್ತದೆ. ಹಾಗಾಗಿ ಪಾಸ್ ಗೆರೆಯ ಮೇಲೆ ಎಷ್ಟು ಜನ, ಕೆಳಗೆ ಎಷ್ಟು ಜನ ಎಂಬುದನ್ನು ಓಜೀವಿನಿಂದ ಓದಲೇಬಾರದು, ಪಟ್ಟಿಯಲ್ಲಿ ಎಣಿಸಬೇಕು.

ಇಲ್ಲವೇ ಗುಂಪನ್ನು ಒಡೆಯಬೇಕು. 20-30ನ್ನು 20-28 ಮತ್ತು 28-30 ಎಂದು ಎರಡು ಮಾಡಿದೆ. ಮೊದಲನೆಯದರಲ್ಲಿ 4 ಮಕ್ಕಳು, ಎರಡನೆಯದರಲ್ಲಿ 6. ಗುಂಪುಗಳ ಅಗಲ ಸಮ ಇಲ್ಲ ಎಂದು ಹೆದರಬೇಡಿ. ಹಿಸ್ಟೋಗ್ರಾಮ್ ಆಗಿದ್ದರೆ ಅಗಲ ಬೇರೆಯಾದಾಗ ಎತ್ತರವನ್ನೂ ಸರಿಪಡಿಸಬೇಕಿತ್ತು. ಓಜೀವಿಗೆ ಆ ಗೊಡವೆ ಇಲ್ಲ, 28ರ ಮೇಲೆ 12 ಎಂದು ಇನ್ನೊಂದು ಚುಕ್ಕಿ ಇಟ್ಟರೆ ಮುಗಿಯಿತು. ಎಷ್ಟು ಸ್ಟಾಪಿನಲ್ಲಿ ಬೇಕಾದರೂ ಲೆಕ್ಕ ಬರೆದುಕೊಳ್ಳಬಹುದು.

ಹೊಸ ಗ್ರಾಫ್ ಎಳೆದು ಮರುದಿನ ಸ್ಟಾಫ್ ರೂಮಿನಲ್ಲಿ ತೋರಿಸಿದೆ. ಗೆರೆ 20ರಿಂದ 28ರವರೆಗೆ ಮೆಲ್ಲಗೆ ಹೋಗಿ, 28ರಲ್ಲಿ ಒಮ್ಮೆಗೇ ತಲೆ ಎತ್ತಿ, 30ರ ನಂತರ ಮತ್ತೆ ತನ್ನ ದಾರಿ ಹಿಡಿದಿತ್ತು. ಮುಖ್ಯೋಪಾಧ್ಯಾಯರು ಕನ್ನಡಕ ಸರಿ ಮಾಡಿಕೊಂಡು, "ಇಲ್ಲಿ ಯಾಕೆ ಸೊಟ್ಟ ಆಗಿದೆ ಟೀಚರ್? ಸ್ಕೇಲ್ ಜಾರಿತಾ?" ಎಂದು ಕೇಳಿದರು.

ಪೇಪರ್ ತಿದ್ದಿದ ನಾವು ಮೂವರೂ ಟೀ ಲೋಟದೊಳಗೆ ನೋಡುತ್ತಾ ಕೂತೆವು.